ಶೇ 18ರ ಒಳಗೇನಿದೆ?

ಎರಡು ಕಂಪನಿಗಳಿವೆ ಎಂದುಕೊಳ್ಳಿ. ‘ಕ’ ಕಂಪನಿಯಲ್ಲಿ ಷೇರುದಾರರ ಬಂಡವಾಳ, ಅಂದರೆ ಷೇರು ಹಣ ಮತ್ತು ಮೀಸಲು ಸೇರಿ, 100 ಕೋಟಿ ರೂಪಾಯಿ. ತೆರಿಗೆ ಕಳೆದು ಉಳಿದ ಲಾಭ 18 ಕೋಟಿ. ‘ಚ’ ಕಂಪನಿಯಲ್ಲಿ ಬಂಡವಾಳ 50 ಕೋಟಿ, ಲಾಭ 9 ಕೋಟಿ. ಎರಡರಲ್ಲೂ ಷೇರುದಾರರ ಬಂಡವಾಳದ ಮೇಲಿನ ಗಳಿಕೆ, ಅಂದರೆ ಆರ್‌ಒಇ, ಶೇ 18. ಹಾಗಾದರೆ ಎರಡೂ ಒಂದೇ ತೂಕದವೇ?

ಅಮೆರಿಕದ ಡುಪಾಂಟ್ ಕಂಪನಿಯಲ್ಲಿದ್ದ ಡೊನಾಲ್ಡ್‌ಸನ್ ಬ್ರೌನ್ ಇಪ್ಪತ್ತನೇ ಶತಮಾನದ ಎರಡನೇ ದಶಕದಲ್ಲಿ ಹೂಡಿಕೆಯ ಗಳಿಕೆಯನ್ನು ಮಾರ್ಜಿನ್ ಮತ್ತು ವಹಿವಾಟಿನ ವೇಗ ಎಂದು ಎರಡಾಗಿ ಬಿಡಿಸಿದರು. ಸಾಲದ ಪಾತ್ರವನ್ನು ತೋರಿಸುವ ಮೂರನೆಯ ಭಾಗ ಆಮೇಲೆ ಸೇರಿತು. ಇಂದಿಗೂ ಇದಕ್ಕೆ ಡುಪಾಂಟ್ ವಿಶ್ಲೇಷಣೆ ಎಂದೇ ಹೆಸರು.

ಲೆಕ್ಕಕ್ಕೆ ಇನ್ನೆರಡು ಅಂಕಿ ಸಾಕು. ‘ಕ’ದ ಮಾರಾಟ 150 ಕೋಟಿ, ಒಟ್ಟು ಆಸ್ತಿ 125 ಕೋಟಿ. ‘ಚ’ದ ಮಾರಾಟ 300 ಕೋಟಿ, ಒಟ್ಟು ಆಸ್ತಿ 200 ಕೋಟಿ.

ಮೊದಲು ಲಾಭವನ್ನು ಮಾರಾಟದಿಂದ ಭಾಗಿಸಿ. ‘ಕ’ದ ಮಾರ್ಜಿನ್ ಶೇ 12, ‘ಚ’ದ್ದು ಬರೀ ಶೇ 3. ಬಳಿಕ ಮಾರಾಟವನ್ನು ಆಸ್ತಿಯಿಂದ ಭಾಗಿಸಿದರೆ ಒಂದು ರೂಪಾಯಿ ಆಸ್ತಿ ಎಷ್ಟು ಮಾರಾಟ ತಂದಿತೆಂದು ತಿಳಿಯುತ್ತದೆ: ‘ಕ’ 1.2, ‘ಚ’ 1.5. ಕೊನೆಗೆ ಆಸ್ತಿಯನ್ನು ಷೇರುದಾರರ ಬಂಡವಾಳದಿಂದ ಭಾಗಿಸಿ. ಇದು ಲೆವರೇಜ್: ‘ಕ’ 1.25, ‘ಚ’ 4.

ಈಗ ಗುಣಿಸಿ ನೋಡಿ:

ಕ: 12% × 1.2 × 1.25 = 18%
ಚ: 3% × 1.5 × 4 = 18%

ಉತ್ತರ ಒಂದೇ, ದಾರಿ ಬೇರೆ. ‘ಕ’ಕ್ಕೆ ಗಳಿಕೆ ಬಂದದ್ದು ಮುಖ್ಯವಾಗಿ ಮಾರ್ಜಿನ್‌ನಿಂದ. ‘ಚ’ದ 200 ಕೋಟಿ ಆಸ್ತಿಯಲ್ಲಿ 150 ಕೋಟಿ ಹೊರಗಿನವರ ಹಣ. ಕಚ್ಚಾ ಮಾಲಿನ ಬೆಲೆ ಏರಿ ಎರಡರ ಮಾರ್ಜಿನ್ನೂ ಒಂದೊಂದು ಪರ್ಸೆಂಟೇಜ್ ಪಾಯಿಂಟ್ ಇಳಿಯಿತು, ಉಳಿದದ್ದು ಹಾಗೇ ಇದೆ ಎನ್ನೋಣ. ‘ಕ’ದ ಆರ್‌ಒಇ 16.5%ಕ್ಕೆ ಇಳಿಯುತ್ತದೆ, ‘ಚ’ದ್ದು 12%ಕ್ಕೆ ಕುಸಿಯುತ್ತದೆ.

ಪರೀಕ್ಷೆಯಲ್ಲಿ ಹಲವರು ಎಡವುವುದು ಲೆವರೇಜ್‌ನಲ್ಲಿ. ಸಾಲವನ್ನು ಬಂಡವಾಳದಿಂದ ಭಾಗಿಸಿ ‘ಚ’ಕ್ಕೆ 3 ಎಂದು ಬರೆದರೆ ಉತ್ತರ 13.5% ಬರುತ್ತದೆ. ಲಾಭವನ್ನು ನೇರವಾಗಿ ಬಂಡವಾಳದಿಂದ ಭಾಗಿಸಿದಾಗ ಬಂದ 18ಕ್ಕೆ ಅದು ತಾಳೆಯಾಗದಿದ್ದರೆ ತಪ್ಪಾಗಿದೆ ಎಂದೇ ಅರ್ಥ. ಆಸ್ತಿಗೆ ವರ್ಷದ ಸರಾಸರಿ ಹಿಡಿದರೆ ಬಂಡವಾಳಕ್ಕೂ ಸರಾಸರಿಯನ್ನೇ ಹಿಡಿಯಬೇಕು.

ಹೋಲಿಕೆ ಒಂದೇ ಉದ್ಯಮದೊಳಗಿರಲಿ. ಠೇವಣಿಯ ಹಣದಲ್ಲಿ ನಡೆಯುವ ಬ್ಯಾಂಕಿನ ಲೆವರೇಜ್ ಸಹಜವಾಗಿಯೇ ಹೆಚ್ಚು; ಅದನ್ನು ಸಾಫ್ಟ್‌ವೇರ್ ಕಂಪನಿಯ ಪಕ್ಕದಲ್ಲಿಟ್ಟರೆ ಪ್ರಯೋಜನವಿಲ್ಲ. ಹಳೆಯ ನಷ್ಟದಿಂದ ಬಂಡವಾಳ ಕರಗಿದ್ದರೂ ಆರ್‌ಒಇ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ಷೇರು ಕೊಳ್ಳುವ ಮುನ್ನ ಐದು ವರ್ಷದ ಮೂರೂ ಅಂಕಿಗಳನ್ನು ಸಾಲಾಗಿ ಬರೆದುಕೊಳ್ಳಿ. ಆರ್‌ಒಇ ಏರಿದ್ದು ಬರೀ ಲೆವರೇಜ್‌ನಿಂದಾದರೆ, ಅದನ್ನು ವ್ಯಾಪಾರದ ಸುಧಾರಣೆ ಎಂದು ಎಣಿಸಬೇಡಿ.