ಒಂದು ಸೊನ್ನೆಯ ಬೆಲೆ

ಕಳೆದ ವಾರ ನಮ್ಮ ವಾಣಿಜ್ಯ ವಿಭಾಗದ ಸೂಚನಾ ಫಲಕದಲ್ಲಿ ಒಂದು ಸುತ್ತೋಲೆ ಬಂತು. ಪ್ರಾಜೆಕ್ಟ್ ವರದಿಯ ಪಿಡಿಎಫ್ ಹೇಗಿರಬೇಕು, ಪುಟಗಳ ಕ್ರಮ ಯಾವುದು, ಫೈಲಿಗೆ ಯಾವ ಹೆಸರಿಡಬೇಕು ಎಂದು ಅದರಲ್ಲಿತ್ತು. "ಇಷ್ಟಕ್ಕೂ ಒಂದು ಸುತ್ತೋಲೆಯೇ?" ಎಂದು ಗೆಳತಿಯರು ನಕ್ಕರು. ನಾನು ನಗಲಿಲ್ಲ. ಹೋದ ವರ್ಷ ಪಟ್ಟ ಪಾಡು ನೆನಪಾಯಿತು.

ಆಗ ನಾನು ಸಂತೆಯ ತರಕಾರಿ ಬೆಲೆಗಳ ಬಗ್ಗೆ 14 ಪುಟಗಳ ವರದಿಯನ್ನು ಕೈಯಲ್ಲಿ ಬರೆದು, ಸ್ಕ್ಯಾನ್ ಮಾಡಿ, ಪುಟಗಳಿಗೆ `page1`ರಿಂದ `page14`ರವರೆಗೆ ಹೆಸರಿಟ್ಟೆ. ಎಲ್ಲವನ್ನೂ ಸೇರಿಸಿ ಒಂದು ಪಿಡಿಎಫ್ ಮಾಡಿ, ತೆರೆದೂ ನೋಡದೆ ಕಳಿಸಿದೆ. ಮರುದಿನ ಮೇಡಂ ಕರೆದು, "ಮುಖಪುಟ ಆದ ತಕ್ಷಣ ಉಪಸಂಹಾರ ಬಂದಿದೆಯಲ್ಲಮ್ಮ, ಪ್ರಮಾಣಪತ್ರ ಎಲ್ಲಿ?" ಎಂದು ಕೇಳಿದರು.

ಆದದ್ದು ಇಷ್ಟೇ. ಹಲವು ತಂತ್ರಾಂಶಗಳು ಫೈಲಿನ ಹೆಸರನ್ನು ಸಂಖ್ಯೆಯಾಗಿ ಓದುವುದಿಲ್ಲ. ಎಡದಿಂದ ಒಂದೊಂದೇ ಅಕ್ಷರ ಹೋಲಿಸುತ್ತವೆ. 1 ಎಂಬ ಅಂಕೆ 2ಕ್ಕಿಂತ ಮೊದಲು ಬರುವುದರಿಂದ ಕ್ರಮ ಹೀಗಾಗುತ್ತದೆ:

```
page1  page10  page11  page12  page13  page14  page2
```

ವಿಂಡೋಸ್‌ನ ಫೋಲ್ಡರಿನಲ್ಲಿ ಅವು 1, 2, 3 ಎಂದು ಸರಿಯಾಗಿಯೇ ಕಾಣುತ್ತವೆ. ಅದಕ್ಕೇ ನಾನು ಮೋಸಹೋದೆ. `page01`, `page02` ಎಂದು ಒಂದು ಸೊನ್ನೆ ಸೇರಿಸಿದ್ದರೆ ಎರಡೂ ಕಡೆ ಒಂದೇ ಕ್ರಮ ಬರುತ್ತಿತ್ತು. ನೂರು ದಾಟುವುದಾದರೆ 001 ಎಂದು ಮೂರು ಅಂಕೆ ಬೇಕು.

ಸುತ್ತೋಲೆಯಲ್ಲಿ ಫೈಲಿನ ಹೆಸರು `2PUC_B_07_Economics.pdf` ಎಂದಿರಲಿ ಎಂದದ್ದೂ ಇದಕ್ಕೇ. 07 ಎಂಬುದು ರೋಲ್ ನಂಬರು. ಹೀಗಿದ್ದರೆ ಇಡೀ ತರಗತಿಯ ವರದಿಗಳು ಹಾಜರಿ ಪುಸ್ತಕದ ಕ್ರಮದಲ್ಲೇ ನಿಲ್ಲುತ್ತವೆ. ಎಲ್ಲರೂ `project.pdf` ಎಂದೇ ಕೊಟ್ಟರೆ, ಒಂದೇ ಫೋಲ್ಡರಿಗೆ ಹಾಕುವಾಗ ಹಳೆಯದರ ಜಾಗಕ್ಕೆ ಹೊಸದನ್ನು ಹಾಕಲೇ ಎಂದು ಕಂಪ್ಯೂಟರ್ ಕೇಳುತ್ತದೆ. ಅವಸರದಲ್ಲಿ ಹೂಂ ಎಂದರೆ ಒಬ್ಬರ ವರದಿ ಅಳಿದೇ ಹೋಗುತ್ತದೆ.

ಇನ್ನು, ವರ್ಡ್ ಫೈಲ್ ಬೇಡ, ಪಿಡಿಎಫ್ ಮಾತ್ರ ಎಂಬ ನಿಯಮ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ, ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಪಿಡಿಎಫ್‌ನೊಳಗೆ ಫಾಂಟನ್ನೂ ಸೇರಿಸಿ ಇಡಬಹುದು. ಸೇರಿದೆಯೇ ಎಂದು ತಿಳಿಯಲು ಅಕ್ರೋಬ್ಯಾಟ್ ರೀಡರಿನಲ್ಲಿ ಫೈಲಿನ `Properties` ತೆರೆದು `Fonts` ಒತ್ತಿ. ಫಾಂಟಿನ ಹೆಸರಿನ ಪಕ್ಕ `Embedded` ಎಂದಿರಬೇಕು. ಆದರೂ ನುಡಿಯ ಹಳೆಯ ಫಾಂಟಾದರೆ ಪಿಡಿಎಫ್‌ನಲ್ಲಿ ಕನ್ನಡ ಪದ ಹುಡುಕಿದರೆ ಸಿಗದು. ಅದಕ್ಕೆ ಮೊದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಬೇಕು.

ಈ ಸಲ ನಾನು ಪಿಡಿಎಫ್ ಅನ್ನು ಅಮ್ಮನ ಫೋನಿಗೆ ಕಳಿಸಿ ಅಲ್ಲಿ ತೆರೆದೆ. ಮುಖಪುಟ, ಪ್ರಮಾಣಪತ್ರ, ಪರಿವಿಡಿ, ಅಧ್ಯಾಯಗಳು, ಉಪಸಂಹಾರ, ಕೊನೆಗೆ ಅನುಬಂಧ. ಎಲ್ಲವೂ ತಮ್ಮ ತಮ್ಮ ಜಾಗದಲ್ಲಿದ್ದವು. ಆಮೇಲೆಯೇ ಕಳಿಸಿದೆ.