ವಾಲ್ವ್ ಹೊಸದು, ಹಮ್ ಯಾಕೆ ಜೋರು?

ವಾಲ್ವ್ ಆಂಪ್ಲಿಫೈಯರ್ ಇಟ್ಟುಕೊಂಡವರು ಬೇಗನೆ ಬೇಸರಪಡುವ ಸಂದರ್ಭ ಒಂದಿದೆ. ಹಳೆಯ ವಾಲ್ವ್ ಸತ್ತಿತೆಂದು ದುಬಾರಿ ಬೆಲೆ ತೆತ್ತು ಹೊಸದನ್ನು ತರುತ್ತಾರೆ, ಹಾಕುತ್ತಾರೆ. ಹಾಡು ಬರುತ್ತದೆ. ಆದರೆ ಅದರ ಜೊತೆಗೆ ಮೊದಲು ಸ್ಪೀಕರಿಗೆ ಕಿವಿ ಹಚ್ಚಿದರೆ ಮಾತ್ರ ಕೇಳುತ್ತಿದ್ದ ಗುಂಯ್ ಎನ್ನುವ ಹಮ್ ಈಗ ಕೋಣೆಯ ಆ ತುದಿಯವರೆಗೂ ಕೇಳತೊಡಗುತ್ತದೆ. ಅಂಗಡಿಯವನು ಕಳಪೆ ಮಾಲು ಕೊಟ್ಟ ಎಂಬ ತೀರ್ಮಾನಕ್ಕೆ ಬರುವುದು ಸಹಜ. ನಾನು ಕಂಡಂತೆ ಆ ತೀರ್ಮಾನ ಅರ್ಧ ಸಲವೂ ಸರಿಯಲ್ಲ. ವಾಲ್ವ್ ಬದಲಾಯಿಸುವಾಗ ಬದಲಾಗುವುದು ವಾಲ್ವ್ ಒಂದೇ ಅಲ್ಲ. ಸಾಕೆಟ್ಟಿನ ಹಿಡಿತ ಬದಲಾಗಿರುತ್ತದೆ, ಜೋಡಿ ವಾಲ್ವ್‌ಗಳ ಸಮತೋಲ ಬದಲಾಗಿರುತ್ತದೆ. ಹಳೆಯ ವಾಲ್ವ್ ಸಾಯುವಾಗ ಹೀಟರ್ ವೈರಿಂಗಿನಲ್ಲಿ ಏನನ್ನಾದರೂ ಸುಟ್ಟು ಹೋಗಿರಲೂಬಹುದು.

ಮೊದಲು ಹಮ್ಮನ್ನು ಕಿವಿಯಿಂದಲೇ ಗುರುತಿಸಬೇಕು. ನಮ್ಮ ಮನೆಗೆ ಬರುವ ಕರೆಂಟು 50 ಹರ್ಟ್ಸ್‌ನದು. ವಾಲ್ವ್‌ನ ಹೀಟರ್‌ಗಳು ಸಾಮಾನ್ಯವಾಗಿ ಇದೇ ಕರೆಂಟನ್ನು ಟ್ರಾನ್ಸ್‌ಫಾರ್ಮರ್ 6.3 ವೋಲ್ಟಿಗೆ ಇಳಿಸಿದಾಗ ಬರುವ ಎಸಿಯಲ್ಲಿ ಕಾಯುತ್ತವೆ. ಆದ್ದರಿಂದ ಹೀಟರ್ ಕಡೆಯಿಂದ ನುಸುಳುವ ಹಮ್ 50 ಹರ್ಟ್ಸ್‌ನದು: ಆಳವಾದ, ಮೆತ್ತನೆಯ ಸದ್ದು. ವಾಲ್ವ್‌ಗಳಿಗೆ ಬೇಕಾದ ನೂರಾರು ವೋಲ್ಟಿನ ಡಿಸಿಯನ್ನು, ಅಂದರೆ ಎಚ್‌ಟಿಯನ್ನು, ರೆಕ್ಟಿಫೈಯರ್ ತಯಾರಿಸುತ್ತದೆ. ಅಲೆಯ ಎರಡೂ ಅರ್ಧಗಳು ಅಲ್ಲಿ ಬಳಕೆಯಾಗುವುದರಿಂದ ಆ ಡಿಸಿಯಲ್ಲಿ ಉಳಿಯುವ ಏರಿಳಿತ 100 ಹರ್ಟ್ಸ್‌ನದು. ಅದು ಸರಿಯಾಗಿ ಒಂದು ಸ್ಥಾಯಿ ಮೇಲೆ ಇರುತ್ತದೆ, ಕೊಂಚ ಕರಕರ ಎನ್ನುತ್ತದೆ. ಸಂಗೀತ ಕೇಳಿ ಪಳಗಿದ ಕಿವಿಗೆ ಈ ವ್ಯತ್ಯಾಸ ಕಷ್ಟವಲ್ಲ. ಸ್ಪೀಕರ್ ಚಿಕ್ಕದಾಗಿದ್ದರೆ ಮಾತ್ರ ಎಚ್ಚರ ಬೇಕು, 50 ಹರ್ಟ್ಸನ್ನು ಅದು ಸರಿಯಾಗಿ ನುಡಿಸಲಾರದು. ಪರೀಕ್ಷೆಗೆ ದೊಡ್ಡ ವೂಫರ್ ಇರುವ ಸ್ಪೀಕರನ್ನೇ ಜೋಡಿಸಿಕೊಳ್ಳುವುದು ಒಳ್ಳೆಯದು.

ಮೂರು ಕಾರಣಗಳೂ ಒಂದರ ಮೇಲೊಂದು ಕೂತಿದ್ದ ಒಂದು ಆಂಪ್ಲಿಫೈಯರನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಮೈಸೂರಿನ ಗೆಳೆಯರೊಬ್ಬರ ಮನೆಯಲ್ಲಿದ್ದ ಅದನ್ನು ಬ್ರಿಟನ್ನಿನ ಮುಲ್ಲಾರ್ಡ್ ಕಂಪನಿ 1950ರ ದಶಕದಲ್ಲಿ ಪ್ರಕಟಿಸಿದ 5-20 ಎಂಬ ನಕ್ಷೆಯನ್ನು ಅನುಸರಿಸಿ ಕಟ್ಟಲಾಗಿತ್ತು. ಐದು ವಾಲ್ವ್, 20 ವ್ಯಾಟ್. ಮೊದಲ ಹಂತಕ್ಕೆ ಇಎಫ್86, ಎರಡನೆಯದಕ್ಕೆ ಇಸಿಸಿ83, ಸ್ಪೀಕರನ್ನು ನಡೆಸಲು ಎರಡು ಇಎಲ್34, ರೆಕ್ಟಿಫೈಯರ್ ಆಗಿ ಒಂದು ವಾಲ್ವ್. ಒಂದು ಸಂಜೆ ಒಂದು ಇಎಲ್34 ಒಳಗೆ ಮಿಂಚು ಹೊಡೆದು ಫ್ಯೂಸ್ ಹೋಯಿತು. ಗೆಳೆಯರು ಹೊಸ ಇಎಲ್34 ಒಂದನ್ನು ತಂದು, ಉಳಿದಿದ್ದ ಹಳೆಯದರ ಪಕ್ಕದಲ್ಲಿ ಕೂರಿಸಿ, ಫ್ಯೂಸ್ ಹಾಕಿದರು. ಹಮ್ ಶುರುವಾಗಿದ್ದು ಆಮೇಲೆ.

ಮುಂದೆ ಹೇಳುವ ಅಳತೆಗಳಿಗೆ ಪೆಟ್ಟಿಗೆಯ ತಳ ತೆಗೆಯಬೇಕಾಗುತ್ತದೆ. ಅಲ್ಲಿ 400 ವೋಲ್ಟಿಗೂ ಮೇಲೆ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಪ್ರಾಣ ತೆಗೆಯುವಷ್ಟು ಉಳಿದಿರಬಹುದು. ಐದಾರು ವ್ಯಾಟಿನ, ಕೆಲವು ಸಾವಿರ ಓಮ್‌ನ ರೆಸಿಸ್ಟರಿನಿಂದ ಅದನ್ನು ಇಳಿಸಿ, ಮೀಟರಿನಲ್ಲಿ ಸೊನ್ನೆಗೆ ಬಂದಿದ್ದನ್ನು ನೋಡಿಯೇ ಕೈ ಹಾಕಬೇಕು. ಆಂಪ್ಲಿಫೈಯರ್ ಚಾಲೂ ಇರುವಾಗ ಸ್ಪೀಕರ್ ಕಳಚಿರಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು. ಈ ಕೆಲಸದ ರೂಢಿ ಇಲ್ಲದವರು ಒಳಗಿನ ಅಳತೆಯನ್ನು ಬಲ್ಲ ಮೆಕ್ಯಾನಿಕ್ಕಿಗೇ ಬಿಡಬೇಕು. ಏನು ಅಳೆಯಬೇಕೆಂದು ಅವರಿಗೆ ಹೇಳಲು ತಿಳಿದಿದ್ದರೂ ಸಾಕು.

ಹಮ್ ಯಾವ ಹಂತದಿಂದ ಬರುತ್ತಿದೆ ಎಂಬುದು ಮೊದಲ ಪ್ರಶ್ನೆ. ಇನ್‌ಪುಟ್ಟಿಗೆ ಏನನ್ನೂ ಜೋಡಿಸದೆ, ಅದರ ಎರಡು ತುದಿಗಳನ್ನು ಶಾರ್ಟ್ ಮಾಡಿದರೂ ಹಮ್ ಹಾಗೇ ಇತ್ತು. ಆದ್ದರಿಂದ ಹೊರಗಿನ ಕೇಬಲ್ಲಿನ ತಪ್ಪಲ್ಲ. ಆಂಪ್ಲಿಫೈಯರ್ ಆರಿಸಿ, ಚಿಕ್ಕ ವಾಲ್ವ್‌ಗಳೆರಡನ್ನೂ ಕಿತ್ತು ಮತ್ತೆ ಚಾಲೂ ಮಾಡಿದಾಗ ಆಳದ ಸದ್ದು ಪೂರ್ತಿ ಹೋಯಿತು, ಮೇಲಿನ ಕರಕರ ಉಳಿಯಿತು. ಹಾಗಾದರೆ ಇಲ್ಲಿ ಇದ್ದದ್ದು ಎರಡು ಹಮ್: 100 ಹರ್ಟ್ಸ್‌ನದು ಇಎಲ್34ಗಳ ಹಂತದಲ್ಲಿ, 50 ಹರ್ಟ್ಸ್‌ನದು ಅದಕ್ಕೂ ಮೊದಲು. ಈ ಪರೀಕ್ಷೆಯಲ್ಲಿ ಎರಡು ಸೂಕ್ಷ್ಮಗಳಿವೆ. ಈ ನಕ್ಷೆಯಲ್ಲಿ ಇಎಫ್86ನ ಆನೋಡ್ ನೇರವಾಗಿ ಇಸಿಸಿ83ನ ಗ್ರಿಡ್ಡಿಗೆ ಸೇರಿದೆ. ಇಎಫ್86 ಒಂದನ್ನೇ ಕಿತ್ತರೆ ಆ ಗ್ರಿಡ್ ವೋಲ್ಟೇಜು ಮಿತಿಮೀರಿ ಏರುತ್ತದೆ. ಕಿತ್ತರೆ ಎರಡನ್ನೂ ಕೀಳಬೇಕು. ಇನ್ನೊಂದು, ಚಿಕ್ಕ ವಾಲ್ವ್‌ಗಳು ಹೋದಾಗ ಹಮ್ಮನ್ನು ಅದುಮುತ್ತಿದ್ದ ಫೀಡ್‌ಬ್ಯಾಕ್ ಕೂಡ ಹೋಗುತ್ತದೆ. ಉಳಿದ ಕರಕರ ಮೊದಲಿಗಿಂತ ಜೋರಾಗಿ ಕೇಳಬಹುದು. ಎಷ್ಟು ಜೋರು ಎಂಬುದನ್ನು ಬಿಟ್ಟು ಯಾವ ಶ್ರುತಿ ಎಂಬುದನ್ನಷ್ಟೇ ಗಮನಿಸಬೇಕು.

ಇಎಲ್34ಗಳು ಇಲ್ಲಿ ಪುಶ್‌-ಪುಲ್ ಜೋಡಿಯಾಗಿ ದುಡಿಯುತ್ತವೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಸುರುಳಿಯ ನಡುವಿಗೆ ಎಚ್‌ಟಿ ಬರುತ್ತದೆ, ಅಲ್ಲಿಂದ ಕರೆಂಟು ಎರಡೂ ಬದಿಗೆ ಹರಿದು ಒಂದೊಂದು ವಾಲ್ವ್ ಸೇರುತ್ತದೆ. ಎಚ್‌ಟಿಯಲ್ಲಿರುವ 100 ಹರ್ಟ್ಸ್‌ನ ಏರಿಳಿತ ಎರಡೂ ಬದಿಗೆ ಸಮನಾಗಿ, ವಿರುದ್ಧ ದಿಕ್ಕಿನಲ್ಲಿ ಹೋಗುವುದರಿಂದ ಒಂದನ್ನೊಂದು ಅಳಿಸಿಹಾಕುತ್ತವೆ. ಈ ಅನುಕೂಲವನ್ನು ನಂಬಿಯೇ ಇಂಥ ಆಂಪ್ಲಿಫೈಯರ್‌ಗಳಲ್ಲಿ ಎಚ್‌ಟಿಯನ್ನು ಅತಿಯಾಗಿ ಸೋಸಿರುವುದಿಲ್ಲ. ಎಳೆಯ ಹೋರಿಯ ಜೊತೆ ಮುದಿ ಎತ್ತು ಕಟ್ಟಿದರೆ ನೊಗ ವಾರೆಯಾಗುವ ಹಾಗೆ, ಹೊಸ ವಾಲ್ವ್ ಹೆಚ್ಚು ಎಳೆದು ಹಳೆಯದು ಕಡಿಮೆ ಎಳೆದರೆ ಅಳಿಸುವಿಕೆ ಅಪೂರ್ಣವಾಗಿ ಹಮ್ ಉಳಿಯುತ್ತದೆ. ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಒಂದೇ ಬದಿಗೆ ಕಾಂತಗೊಂಡು ಮಂದ್ರದ ನಾದವೂ ಕೆಡುತ್ತದೆ.

ಇದನ್ನು ಅಳೆಯುವುದು ಸುಲಭ. ಈ ನಕ್ಷೆಯಲ್ಲಿ ಪ್ರತಿ ಇಎಲ್34ನ ಕ್ಯಾಥೋಡಿಗೂ ತನ್ನದೇ 470 ಓಮ್‌ನ ರೆಸಿಸ್ಟರ್ ಇದೆ. ಅದರ ಎರಡು ತುದಿಗಳ ನಡುವಿನ ವೋಲ್ಟೇಜನ್ನು 470ರಿಂದ ಭಾಗಿಸಿದರೆ ಕರೆಂಟು ಸಿಗುತ್ತದೆ. ಹೊಸ ವಾಲ್ವ್‌ನಲ್ಲಿ 33 ವೋಲ್ಟ್, ಅಂದರೆ 70 ಮಿಲಿಆಂಪ್. ಹಳೆಯದರಲ್ಲಿ 24 ವೋಲ್ಟ್, 51 ಮಿಲಿಆಂಪ್. ಒಂದು ಇನ್ನೊಂದಕ್ಕಿಂತ ಮೂರನೆಯ ಒಂದು ಪಾಲಿಗೂ ಹೆಚ್ಚು ಎಳೆಯುತ್ತಿತ್ತು. ಎರಡೂ ಸಮವಿದ್ದು 100 ಹರ್ಟ್ಸ್ ಹಮ್ ಬರುತ್ತಿದ್ದರೆ ಒಣಗಿದ ಫಿಲ್ಟರ್ ಕೆಪಾಸಿಟರನ್ನು ಸಂಶಯಿಸಬೇಕಿತ್ತು. ಕೆಲವು ಆಂಪ್ಲಿಫೈಯರ್‌ಗಳಲ್ಲಿ ಎರಡೂ ವಾಲ್ವ್‌ಗೆ ಕೂಡಿ ಒಂದೇ ರೆಸಿಸ್ಟರ್ ಇರುತ್ತದೆ. ಅಲ್ಲಿ ಮೀಟರ್ ತೋರಿಸುವುದು ಒಟ್ಟು ಕರೆಂಟನ್ನು ಮಾತ್ರ, ಎಷ್ಟೇ ಏರುಪೇರಿದ್ದರೂ ಕಾಣುವುದಿಲ್ಲ. ಪ್ರತಿ ಕ್ಯಾಥೋಡಿಗೂ ಹತ್ತು ಓಮ್‌ನ ಚಿಕ್ಕ ರೆಸಿಸ್ಟರ್ ಸೇರಿಸಿ ಅದರ ಮೇಲೆ ಅಳೆಯಬೇಕಾಗುತ್ತದೆ.

ವಾಲ್ವ್ ಅಂಗಡಿಗೆ ಓಡುವ ಮೊದಲು ಇನ್ನೊಂದು ಪರೀಕ್ಷೆ ಮಾಡಲೇಬೇಕು. ಎರಡು ಇಎಲ್34ಗಳ ಜಾಗ ಅದಲುಬದಲು ಮಾಡಿ ಮತ್ತೆ ಅಳೆಯಿರಿ. ಅಳತೆ ವಾಲ್ವ್‌ನ ಜೊತೆ ಹೋದರೆ ತಪ್ಪು ವಾಲ್ವ್‌ನದು, ಜಾಗದಲ್ಲೇ ಉಳಿದರೆ ಸಾಕೆಟ್ಟಿನದು ಅಥವಾ ಅದರ ಸುತ್ತಲಿನದು. ಇಲ್ಲಿ ಹೊಸ ವಾಲ್ವ್ ಇನ್ನೊಂದು ಸಾಕೆಟ್ಟಿನಲ್ಲೂ 33 ವೋಲ್ಟ್ ತೋರಿಸಿತು. ಆದರೆ ಸತ್ತ ವಾಲ್ವ್ ಇದ್ದ ಸಾಕೆಟ್ಟಿಗೆ ಬಂದ ಹಳೆಯ ವಾಲ್ವ್ 22 ವೋಲ್ಟಿಗೆ ಇಳಿಯಿತು, ಒಣ ಮರದ ಕಡ್ಡಿಯಿಂದ ಮೆಲ್ಲಗೆ ಅಲುಗಿಸಿದರೆ ಅಳತೆ ಏರಿಳಿಯಿತು, ಸ್ಪೀಕರ್ ಚರಚರ ಎಂದಿತು. ವಾಲ್ವ್ ಮಾತ್ರವಲ್ಲ, ಸಾಕೆಟ್ಟೂ ಕೆಟ್ಟಿತ್ತು.

ಇಎಲ್34ನ ಹೀಟರ್ 6.3 ವೋಲ್ಟಿನಲ್ಲಿ 1.5 ಆಂಪ್ ಕುಡಿಯುತ್ತದೆ. ಅದರ ಪಿನ್ನನ್ನು ಹಿಡಿಯುವ ಸ್ಪ್ರಿಂಗ್ ಸಡಿಲವಾಗಿ, ಕಪ್ಪು ಕಟ್ಟಿ, ಅಲ್ಲಿ ಅರ್ಧ ಓಮ್ ತಡೆ ಹುಟ್ಟಿದರೂ ಹೀಟರಿಗೆ ತಲುಪುವುದು ಸುಮಾರು 5.6 ವೋಲ್ಟ್ ಮಾತ್ರ. ಕ್ಯಾಥೋಡ್ ಸರಿಯಾಗಿ ಕಾಯುವುದಿಲ್ಲ, ಕರೆಂಟು ಕುಸಿಯುತ್ತದೆ, ಜೋಡಿಯ ಸಮತೋಲ ಇನ್ನಷ್ಟು ಕೆಡುತ್ತದೆ. ಸಾಕೆಟ್ಟಿನ ಕೆಳಗೆ ತಂತಿ ಬೆಸೆದ ಜಾಗದಲ್ಲಿ ಅಳೆದರೆ ಮೀಟರ್ 6.3 ವೋಲ್ಟನ್ನೇ ತೋರಿಸುತ್ತದೆ, ಯಾಕೆಂದರೆ ನಷ್ಟವಾಗುವುದು ಅದಕ್ಕೂ ಮುಂದೆ, ಸ್ಪ್ರಿಂಗ್ ಮತ್ತು ಪಿನ್ನಿನ ನಡುವೆ. ಆ ವಾಲ್ವ್‌ನ ಹೀಟರಿನ ಕೆಂಪು ಇನ್ನೊಂದಕ್ಕಿಂತ ಮಂಕಾಗಿರುವುದನ್ನು ಕಣ್ಣಿನಿಂದಲೇ ಗುರುತಿಸಬಹುದು. ಗ್ರಿಡ್ ಪಿನ್ನಿನ ಹಿಡಿತ ಸಡಿಲವಾದರೆ ಇನ್ನೂ ಅಪಾಯ: ನಿಯಂತ್ರಣ ತಪ್ಪಿದ ವಾಲ್ವ್‌ನ ಆನೋಡ್ ಕೆಂಪಗಾಗಿ ವಾಲ್ವ್ ಸಾಯುತ್ತದೆ. ಹಿಡಿತ ಬರೀ ಸಡಿಲವಾಗಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ, ಸೂಜಿಯಿಂದ ಸ್ಪ್ರಿಂಗುಗಳನ್ನು ತುಸು ಒಳಕ್ಕೆ ಒತ್ತಿದರೆ ಸರಿಹೋಗುತ್ತದೆ. ಇಲ್ಲಿ ಮಿಂಚಿನ ಕಿಡಿ ಸ್ಪ್ರಿಂಗನ್ನೇ ಸುಟ್ಟಿತ್ತು. ಇಎಲ್34ನ ಎರಡನೇ ಪಿನ್ ಹೀಟರ್, ಪಕ್ಕದ ಮೂರನೆಯದು ಆನೋಡ್. ಕಿಡಿ ಹಾರುವುದು ಹೆಚ್ಚಾಗಿ ಈ ಎರಡರ ನಡುವೆ. ಸಾಕೆಟ್ ಬದಲಾಯಿಸಬೇಕಾಯಿತು.

ಹೊಸ ಸಾಕೆಟ್ಟಿನಲ್ಲಿ ಸಮ ಅಳತೆಯ ಜೋಡಿಯನ್ನು, ಅಂಗಡಿಯವರು ಮ್ಯಾಚ್ಡ್ ಪೇರ್ ಎನ್ನುವುದನ್ನು ಹಾಕಿದಾಗ ಕ್ಯಾಥೋಡಿನಲ್ಲಿ 30 ಮತ್ತು 29 ವೋಲ್ಟ್ ಬಂತು. ಕರಕರ ನಿಂತಿತು. ಆಳದ 50 ಹರ್ಟ್ಸ್ ಮಾತ್ರ ಉಳಿಯಿತು. ಅದು ಮೊದಲ ಹಂತಗಳಿಂದ ಬರುತ್ತಿದೆ ಎಂದು ಆಗಲೇ ಗೊತ್ತಾಗಿತ್ತು. ಬೇರೆ ಇಎಫ್86 ಹಾಕಿದರೂ ಹಮ್ ಬದಲಾಗಲಿಲ್ಲ. ಒಳಗಿನ ಹೀಟರ್ ತನ್ನ ಕಾಂತಕ್ಷೇತ್ರವನ್ನು ತಾನೇ ಅಳಿಸುವಂತೆ ಸುತ್ತಿರುವ, ಹಮ್ ಕಡಿಮೆ ಮಾಡಲೆಂದೇ ರೂಪಿಸಿದ ವಾಲ್ವ್ ಅದು. ಎರಡೂ ಒಂದೇ ತೆರನಾಗಿ ಹಮ್ ಮಾಡುತ್ತಿದ್ದರೆ ದೋಷ ವಾಲ್ವ್‌ನ ಹೊರಗಿದೆ.

ಹೀಟರಿನ ಎರಡು ತಂತಿಗಳು ನೆಲದ, ಅಂದರೆ ಚಾಸಿಯ, ಎರಡೂ ಬದಿಗೆ ಸಮನಾಗಿ ತೂಗಬೇಕು. ಒಂದು 3.15 ವೋಲ್ಟ್ ಮೇಲೆ ಇರುವಾಗ ಇನ್ನೊಂದು ಅಷ್ಟೇ ಕೆಳಗೆ. ಆಗ ಪಕ್ಕದ ಗ್ರಿಡ್ಡಿಗೆ ಒಂದು ತಂತಿ ತಾಗಿಸುವ ಹಮ್ಮನ್ನು ಇನ್ನೊಂದು ಅಳಿಸುತ್ತದೆ. ಎರಡನ್ನೂ ಬಿಗಿಯಾಗಿ ಹೊಸೆದು ಚಾಸಿಯ ಮೂಲೆಗೆ ಒತ್ತಿ ಒಯ್ಯುವುದೂ ಇದಕ್ಕಾಗಿಯೇ. ಈ ಆಂಪ್ಲಿಫೈಯರಿನಲ್ಲಿ ಆ ಸಮತೋಲ ಕೊಡಲು ಪ್ರತಿ ತಂತಿಯಿಂದ ಚಾಸಿಗೆ 100 ಓಮ್‌ನ ಒಂದೊಂದು ರೆಸಿಸ್ಟರ್ ಇತ್ತು. ಮೀಟರನ್ನು ಎಸಿಗೆ ಇಟ್ಟು ಅಳೆದಾಗ ಒಂದು ತಂತಿಯಲ್ಲಿ ಹೆಚ್ಚುಕಡಿಮೆ ಸೊನ್ನೆ, ಇನ್ನೊಂದರಲ್ಲಿ ಪೂರ್ತಿ 6.3 ವೋಲ್ಟ್. ಆನೋಡಿನಿಂದ ಹೀಟರಿಗೆ ಕಿಡಿ ಹಾರಿದಾಗ ಆ ಹೊಡೆತ ನೆಲಕ್ಕೆ ಹೋದದ್ದು ಈ ರೆಸಿಸ್ಟರಿನ ಮೂಲಕ, ಅದು ಒಳಗೇ ಕಡಿದುಹೋಗಿತ್ತು. ಹೊರಗೆ ಬಣ್ಣದ ಪಟ್ಟಿಗಳು ಮಾಸಿರಲೂ ಇಲ್ಲ.

ಆರಿಸಿದ ಮೇಲೆ ಓಮ್ ಅಳೆಯುವವರಿಗೆ ಒಂದು ಮಾತು. ಟ್ರಾನ್ಸ್‌ಫಾರ್ಮರಿನ ಸುರುಳಿ ಎರಡೂ ತಂತಿಗಳನ್ನು ಸೇರಿಸಿರುವುದರಿಂದ ರೆಸಿಸ್ಟರ್‌ಗಳೆರಡೂ ಸರಿ ಇದ್ದರೆ ಹೀಟರ್ ತಂತಿಯಿಂದ ಚಾಸಿಗೆ ಮೀಟರ್ ತೋರಿಸಬೇಕಾದದ್ದು 50 ಓಮ್. 100 ತೋರಿಸಿದರೆ ಸರಿ ಇದೆ ಎಂದು ಮುಂದೆ ಹೋಗುವವರಿದ್ದಾರೆ. ಅದು ಒಂದು ಕಡಿದಿದೆ ಎಂಬುದರ ಗುರುತು. ಹೊಸ ರೆಸಿಸ್ಟರ್ ಬೆಸೆದ ಮೇಲೆ ಎರಡೂ ಬದಿ 3.15 ವೋಲ್ಟ್ ಬಂತು, ಹಮ್ ಮತ್ತೆ ಸ್ಪೀಕರಿಗೆ ಕಿವಿ ಹಚ್ಚಿದರೆ ಕೇಳುವಷ್ಟಕ್ಕೆ ಇಳಿಯಿತು.

ಬೆಂಗಳೂರಿನ ಬಿಇಎಲ್ ಕಾರ್ಖಾನೆ 1961ರಿಂದ ರೇಡಿಯೋ ವಾಲ್ವ್‌ಗಳನ್ನು ತಯಾರಿಸುತ್ತಿತ್ತು, ಇಂದು ಹೊಸ ಇಎಲ್34 ಬರುವುದು ರಷ್ಯಾ, ಸ್ಲೊವಾಕಿಯಾ, ಚೀನಾಗಳಿಂದ. ಅಷ್ಟು ದೂರದಿಂದ ತರಿಸಿದ್ದನ್ನು ಕೆಟ್ಟ ಸಾಕೆಟ್ಟಿಗೆ ಬಲಿ ಕೊಡಬೇಡಿ. ಇಎಲ್34 ಕಿಡಿ ಹಾರಿಸಿ ಸತ್ತರೆ ಹೊಸದನ್ನು ಹಾಕುವ ಮೊದಲೇ ಅದರ ಸಾಕೆಟ್ಟನ್ನೂ ಹೀಟರಿನ 100 ಓಮ್ ರೆಸಿಸ್ಟರ್‌ಗಳನ್ನೂ ನೋಡಿಸಿ, ಕೊಳ್ಳುವಾಗ ಒಂದನ್ನಲ್ಲ, ಸಮ ಜೋಡಿಯನ್ನೇ ಕೊಳ್ಳಿ. ಸತ್ತಿಲ್ಲದ ಹಳೆಯ ವಾಲ್ವನ್ನು ಎಸೆಯದೆ ಇಟ್ಟುಕೊಳ್ಳಿ, ಮುಂದಿನ ಸಲ ಅದಲುಬದಲು ಪರೀಕ್ಷೆಗೆ ಬೇಕಾಗುತ್ತದೆ.