ಜೋಳದ ರೊಟ್ಟಿ ತಯಾರಿಕೆ: ಎಸರಿನ ಉಷ್ಣತೆ, ತಟ್ಟುವ ವಿಧಾನ ಹಾಗೂ ಹಂಚಿನ ಕಾವು

(ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳದ ರೊಟ್ಟಿಯು ನಿತ್ಯದ ಆಹಾರವಾಗಿದೆ. ಬೆಂಗಳೂರಿನ ಶ್ರೀರಾಂಪುರ, ಮಲ್ಲೇಶ್ವರ ಮುಂತಾದ ಹಳೆಯ ಬಡಾವಣೆಗಳಲ್ಲಿ ಅಕ್ಕಿ ಮತ್ತು ರಾಗಿಯ ಅಡುಗೆಯೇ ರೂಢಿಯಲ್ಲಿದ್ದು, ಜೋಳದ ಹಿಟ್ಟನ್ನು ಮೊದಲ ಬಾರಿಗೆ ಕೈಗೆತ್ತಿಕೊಂಡವರಿಗೆ ರೊಟ್ಟಿಯು ತಟ್ಟುವಾಗಲೇ ಬಿರಿಯುವುದು, ಎತ್ತುವಾಗ ಹರಿಯುವುದು ಸಾಮಾನ್ಯ ಅನುಭವ. ಈ ತೊಂದರೆಗೆ ಪರಿಹಾರವೆಂದು ಅನೇಕರು ಹಿಟ್ಟಿಗೆ ಒಂದು ಹಿಡಿ ಗೋಧಿ ಹಿಟ್ಟನ್ನು ಬೆರೆಸುತ್ತಾರೆ. ಗೋಧಿ ಒಗ್ಗುವವರಿಗೆ ಇದರಿಂದ ಹಾನಿಯಿಲ್ಲ. ಆದರೆ ಸೀಲಿಯಾಕ್ ಕಾಯಿಲೆಯ ಕಾರಣ ವೈದ್ಯರು ಗೋಧಿಯನ್ನು ಸಂಪೂರ್ಣವಾಗಿ ವರ್ಜಿಸಲು ತಿಳಿಸಿರುವ ವ್ಯಕ್ತಿಗೆ ಆ ಒಂದು ಹಿಡಿಯೂ ಹಾನಿಕರ. ಗೋಧಿಯನ್ನು ಬೆರೆಸದೆಯೇ ಮೃದುವಾದ ರೊಟ್ಟಿಯನ್ನು ಪಡೆಯಲು ಮುಖ್ಯವಾಗಿ ಬೇಕಾದುದು ಸರಿಯಾದ ಬಿಸಿಯ ನೀರು. ಈ ವಿಷಯವನ್ನು ಕೆಳಗೆ ವಿವರಿಸಲಾಗಿದೆ.

ಹಿಟ್ಟು ಬಿರಿಯಲು ಕಾರಣ

ಗೋಧಿ ಹಿಟ್ಟನ್ನು ತಣ್ಣೀರಿನಲ್ಲಿ ನಾದಿದರೂ ಅದರಲ್ಲಿರುವ ಗ್ಲುಟೆನ್ ಎಂಬ ಸಸಾರಜನಕವು ಹಿಗ್ಗಬಲ್ಲ ಬಲೆಯಂತೆ ರೂಪುಗೊಂಡು ಹಿಟ್ಟನ್ನು ಹಿಡಿದಿಡುತ್ತದೆ. ಜೋಳದಲ್ಲಿ ಅಂತಹ ಸಸಾರಜನಕ ಇರುವುದಿಲ್ಲ. ಜೋಳದ ಹಿಟ್ಟಿಗೆ ಅಂಟು ಬರುವುದು ಅದರ ಪಿಷ್ಟದಿಂದ. ಪಿಷ್ಟದ ಕಣಗಳು ತಣ್ಣೀರಿನಲ್ಲಿ ಕರಗದೆ ಮರಳಿನಂತೆ ಉಳಿಯುತ್ತವೆ. ಸಾಕಷ್ಟು ನೀರಿನೊಡನೆ ಸುಮಾರು 68ರಿಂದ 78 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ತಲುಪಿದಾಗ ಮಾತ್ರ ನೀರು ಹೀರಿ, ಉಬ್ಬಿ, ಗಂಜಿಯಂತಾಗುತ್ತವೆ. ಉತ್ತರ ಕರ್ನಾಟಕದಲ್ಲಿ ಹಿಟ್ಟಿಗೆ "ಜಿಗಿ ಬಂತು" ಎನ್ನುವುದು ಈ ಸ್ಥಿತಿಗೆ.

ರಾಗಿ ಮುದ್ದೆ ಮಾಡುವವರಿಗೆ ಈ ತತ್ವ ಹೊಸದಲ್ಲ. ಮುದ್ದೆಗೆ ಎಸರು ಕುದಿದ ಮೇಲೆ ಹಿಟ್ಟು ಹಾಕುವುದು ರೂಢಿ. ಜೋಳದ ರೊಟ್ಟಿಗೂ ಅದೇ ಎಸರು ಬೇಕು. ವ್ಯತ್ಯಾಸವೆಂದರೆ, ಮುದ್ದೆಯಲ್ಲಿ ಹಿಟ್ಟು ಪೂರ್ಣವಾಗಿ ಬೇಯುತ್ತದೆ. ರೊಟ್ಟಿಯಲ್ಲಿ ಹಿಟ್ಟಿನ ಒಂದು ಭಾಗವಷ್ಟೇ ಬೆಂದು, ಉಳಿದ ಭಾಗವನ್ನು ಅಂಟಿನಂತೆ ಕೂಡಿಸಿ ಹಿಡಿಯುತ್ತದೆ.

ಎಸರಿನ ಉಷ್ಣತೆ: ಒಂದು ಉದಾಹರಣೆ

ನಾಲ್ಕು ರೊಟ್ಟಿಗಳಿಗೆ 250 ಗ್ರಾಂ ಹಿಟ್ಟು ತೆಗೆದುಕೊಳ್ಳಲಾಗಿದೆ ಎಂದು ಭಾವಿಸಬಹುದು. ಇದರಲ್ಲಿ 50 ಗ್ರಾಂ ಅನ್ನು ತಟ್ಟುವಾಗ ಉದುರಿಸಲು ಪ್ರತ್ಯೇಕವಾಗಿ ಇಡತಕ್ಕದ್ದು. ಉಳಿದ 200 ಗ್ರಾಂ ಹಿಟ್ಟಿಗೆ ಸುಮಾರು 160 ಮಿಲಿಲೀಟರ್ ನೀರು ಬೇಕಾಗುತ್ತದೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 100 ಡಿಗ್ರಿಗೆ ಬದಲಾಗಿ ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ. ಈ ನೀರನ್ನು 25 ಡಿಗ್ರಿಯಲ್ಲಿರುವ 200 ಗ್ರಾಂ ಹಿಟ್ಟಿನ ಮೇಲೆ ಒಮ್ಮೆಗೇ ಸುರಿದರೆ, ಬಿಸಿಯು ಹಿಟ್ಟಿಗೆ ಹಂಚಿಹೋಗಿ, ಮಿಶ್ರಣದ ಉಷ್ಣತೆಯು ಲೆಕ್ಕದ ಪ್ರಕಾರ ಸುಮಾರು 72 ಡಿಗ್ರಿಗೆ ಇಳಿಯುತ್ತದೆ. ಪರಾತವು ಹೀರಿಕೊಳ್ಳುವ ಬಿಸಿಯನ್ನೂ ಕಳೆದರೆ ಇದು ಇನ್ನೂ ಕಡಿಮೆಯಾಗುತ್ತದೆ. ಅಂದರೆ ಕುದಿಯುವ ನೀರು ಸಹ ಅಂಚಿನಲ್ಲಷ್ಟೇ ಸಾಕಾಗುತ್ತದೆ. ಒಲೆಯಿಂದ ಇಳಿಸಿ ಕೆಲವು ನಿಮಿಷ ಬಿಟ್ಟ ನೀರು ಅಥವಾ ಸ್ನಾನದ ಗೀಸರಿನಿಂದ ಹಿಡಿದ ಬಿಸಿನೀರು ಸಾಲದು. ಅಂತಹ ಹಿಟ್ಟು ಕೈಗೆ ಬಿಸಿಯಾಗಿ ತೋರಿದರೂ ಅದಕ್ಕೆ ಜಿಗಿ ಬಂದಿರುವುದಿಲ್ಲ.

ಆದುದರಿಂದ ಹೊಸದಾಗಿ ಕಲಿಯುವವರು ಹಿಟ್ಟನ್ನು ಎರಡು ಭಾಗ ಮಾಡಿಕೊಳ್ಳುವುದು ಸೂಕ್ತ. ಪಾತ್ರೆಯಲ್ಲಿ 160 ಮಿಲಿಲೀಟರ್ ನೀರಿಗೆ ಉಪ್ಪು ಹಾಕಿ ಕುದಿಸಬೇಕು. ನೀರು ಉಕ್ಕಿ ಕುದಿಯುವಾಗ ಒಲೆ ಆರಿಸಿ, 100 ಗ್ರಾಂ ಹಿಟ್ಟನ್ನು ಹಾಕಿ, ಸೌಟಿನ ಹಿಡಿಯಿಂದ ಗಂಟಿಲ್ಲದಂತೆ ಕೂಡಿಸಿ, ಐದು ನಿಮಿಷ ಮುಚ್ಚಿಡಬೇಕು. ಹಿಟ್ಟು ಅರ್ಧಕ್ಕೆ ಇಳಿದಿರುವುದರಿಂದ ಮಿಶ್ರಣವು ಸುಮಾರು 80 ಡಿಗ್ರಿಯಷ್ಟು ಬಿಸಿಯಾಗಿರುತ್ತದೆ ಹಾಗೂ ಪಿಷ್ಟಕ್ಕೆ ನೀರೂ ಹೇರಳವಾಗಿ ದೊರೆಯುತ್ತದೆ. ನಂತರ ಇದನ್ನು ಪರಾತಕ್ಕೆ ಹಾಕಿ, ಉಳಿದ 100 ಗ್ರಾಂ ಹಿಟ್ಟನ್ನು ಸೇರಿಸಿ, ಕೈ ತಾಳುವಷ್ಟು ಆರಿದ ಮೇಲೆ ನಾದಬೇಕು. ಅನುಭವಸ್ಥರು ಹಿಟ್ಟಿನ ನಡುವೆ ಗುಂಡಿ ಮಾಡಿ ಎಸರನ್ನು ಅಲ್ಲಿಗೇ ಸುರಿದು, ಸುತ್ತಲಿನ ಹಿಟ್ಟನ್ನು ಸ್ವಲ್ಪ ಹೊತ್ತಿನ ನಂತರ ಎಳೆದುಕೊಳ್ಳುವುದರಲ್ಲಿಯೂ ಇದೇ ಲೆಕ್ಕ ಅಡಗಿದೆ.

ಹದವನ್ನು ಹೀಗೆ ಪರೀಕ್ಷಿಸಬಹುದು. ನಿಂಬೆಗಾತ್ರದ ಉಂಡೆಯನ್ನು ಎರಡು ಅಂಗೈಗಳ ನಡುವೆ ಒತ್ತಿದಾಗ ಅಂಚಿನಲ್ಲಿ ಕೂದಲೆಳೆಯ ಬಿರುಕುಗಳಷ್ಟೇ ಕಂಡರೆ ಹಿಟ್ಟು ಸರಿಯಾಗಿದೆ. ಅಂಚು ಬಾಯಿ ಬಿಟ್ಟರೆ ನೀರು ಅಥವಾ ಜಿಗಿ ಕಡಿಮೆ. ಬಿಸಿನೀರು ಚಿಮುಕಿಸಿ ನಾದಬೇಕು. ನಾದಿದ ಮೇಲೂ ಹಾಗೆಯೇ ಇದ್ದರೆ, ಒಂದು ಹಿಡಿ ಹಿಟ್ಟನ್ನು ಬೇರೆಯಾಗಿ ಕುದಿನೀರಿನಲ್ಲಿ ಗಂಜಿಯಂತೆ ಬೇಯಿಸಿ ಸೇರಿಸಿದಲ್ಲಿ ಹಿಟ್ಟು ಸರಿಹೋಗುತ್ತದೆ.

ಜೋಳ ಮತ್ತು ಹಿಟ್ಟಿನ ಆಯ್ಕೆ

ಎಸರು ಸರಿಯಿದ್ದೂ ಜಿಗಿ ಬಾರದಿದ್ದರೆ ದೋಷವು ಹಿಟ್ಟಿನಲ್ಲಿರುವ ಸಂಭವವಿದೆ. ರೊಟ್ಟಿಗೆ ಹಿಂಗಾರಿನ ಬಿಳಿಜೋಳ ಉತ್ತಮ. ವಿಜಯಪುರ, ಬಾಗಲಕೋಟೆ, ಗದಗ, ಕಲಬುರಗಿ ಜಿಲ್ಲೆಗಳ ಕಪ್ಪುಮಣ್ಣಿನಲ್ಲಿ ಬೆಳೆಯುವ ಎಂ 35-1, ಅಂದರೆ ಮಾಲದಂಡಿ ತಳಿಯು ಇದಕ್ಕೆ ಹೆಸರಾಗಿದೆ. ಮಳೆ ನಿಂತ ಮೇಲಿನ ಒಣ ಹವೆಯಲ್ಲಿ ತೆನೆ ಮಾಗುವುದರಿಂದ ಕಾಳು ಸ್ವಚ್ಛವಾಗಿರುತ್ತದೆ. ಮುಂಗಾರಿನ ಜೋಳದ ತೆನೆಯು ಮಾಗುವಾಗ ಮಳೆಗೆ ಸಿಕ್ಕಿದರೆ ಕಾಳು ಬೂಷ್ಟು ಹಿಡಿದು ಕಪ್ಪಾಗುತ್ತದೆ. ಅದರ ರೊಟ್ಟಿಯು ಬಣ್ಣಗೆಟ್ಟು ಗಡುಸಾಗುತ್ತದೆ.

ಬೀಸಿಸಿದ ಹಿಟ್ಟು ಹಳೆಯದಾದಷ್ಟೂ ಜಿಗಿ ಕಳೆದುಕೊಳ್ಳುವುದರಿಂದ ಹತ್ತು ಹದಿನೈದು ದಿನಗಳಿಗೆ ಸಾಕಾಗುವಷ್ಟನ್ನೇ ಬೀಸಿಸುವುದು ಲೇಸು. ಹಿಟ್ಟು ಸಣ್ಣಗಿರಬೇಕು; ತರಿಯಾಗಿದ್ದರೆ ಕಣದ ಒಳಭಾಗಕ್ಕೆ ನೀರು ಬೇಗ ಇಳಿಯುವುದಿಲ್ಲ.

ತಟ್ಟುವ ವಿಧಾನ

ನಾದಿದ ಹಿಟ್ಟನ್ನು ನಾಲ್ಕು ಭಾಗ ಮಾಡಿ, ಮೂರನ್ನು ಒದ್ದೆಬಟ್ಟೆಯಿಂದ ಮುಚ್ಚಿಟ್ಟು, ಒಂದನ್ನು ಮಾತ್ರ ಮತ್ತೊಮ್ಮೆ ಅಂಗೈಯ ಬುಡದಿಂದ ಒತ್ತಿ ನಾದಬೇಕು. ನಾದಿದ ಕೂಡಲೇ ತಟ್ಟುವುದು ಮುಖ್ಯ, ಏಕೆಂದರೆ ಗಾಳಿಗೆ ಬಿಟ್ಟ ಉಂಡೆಯ ಮೇಲ್ಮೈ ಒಣಗಿ ಅಲ್ಲಿಂದಲೇ ಬಿರುಕು ಆರಂಭವಾಗುತ್ತದೆ. ಉಂಡೆಯನ್ನು ಪೇಡೆಯಂತೆ ಚಪ್ಪಟೆ ಮಾಡಿ, ಹೆಬ್ಬೆರಳಿನಿಂದ ಅಂಚನ್ನು ಸುತ್ತಲೂ ಸವರಿ ನುಣುಪುಗೊಳಿಸಬೇಕು. ಈ ಹಂತದಲ್ಲಿ ಉಳಿದ ಸಣ್ಣ ಬಿರುಕು ರೊಟ್ಟಿ ಅಗಲವಾದಂತೆ ದೊಡ್ಡದಾಗುತ್ತದೆ.

ಮಣೆಯ ಮೇಲೆ ಒಣಹಿಟ್ಟನ್ನು ಹರಡಿ, ಅದರ ಮೇಲೆ ಉಂಡೆಯನ್ನಿಟ್ಟು, ಬೆರಳುಗಳನ್ನು ಜೋಡಿಸಿದ ಅಂಗೈಯಿಂದ ಹಗುರವಾಗಿ ಬಡಿಯಬೇಕು. ಏಟು ನಡುವೆ ಬೀಳದೆ ಅಂಚಿನ ಕಡೆಗೆ ಬಿದ್ದರೆ ರೊಟ್ಟಿಯು ಪ್ರತಿ ಏಟಿಗೂ ತಾನೇ ಸ್ವಲ್ಪ ತಿರುಗುತ್ತದೆ. ತಿರುಗುವುದು ನಿಂತರೆ ಅಡಿಯಲ್ಲಿ ಅಂಟಿದೆ ಎಂದು ತಿಳಿದು, ಅಂಚನ್ನೆತ್ತಿ ಒಣಹಿಟ್ಟನ್ನು ಸರಿಸಬೇಕು. ಮತ್ತೊಂದು ಕೈ ಅಂಚಿಗೆ ಆಸರೆಯಾಗಿದ್ದು, ಬಿರಿದ ಭಾಗವನ್ನು ಒಳಕ್ಕೆ ಒತ್ತುತ್ತಿರಬೇಕು. ರೊಟ್ಟಿಯು ಎಲ್ಲೆಡೆ ಒಂದೇ ದಪ್ಪವಿರಬೇಕು. ನಡುಭಾಗ ತೆಳುವಾದರೆ ಎತ್ತುವಾಗ ಅಲ್ಲಿಯೇ ಹರಿಯುತ್ತದೆ. ಕೈ ಪಳಗುವವರೆಗೆ ಒಂದು ಗೇಣಿಗಿಂತ ಚಿಕ್ಕ ರೊಟ್ಟಿಯನ್ನು ತಟ್ಟುವುದು ಸೂಕ್ತ.

ಹಂಚಿನ ಕಾವು

ಕಬ್ಬಿಣದ ದಪ್ಪ ಹಂಚು ಯೋಗ್ಯವಾದುದು. ತೆಳುವಾದ ತವೆಯು ರೊಟ್ಟಿ ಹಾಕಿದೊಡನೆ ತಣ್ಣಗಾಗುತ್ತದೆ. ಹಂಚಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದಾಗ ಚುರ್ರೆಂದು ಎರಡು ಮೂರು ಸೆಕೆಂಡುಗಳಲ್ಲಿ ಆರಿದರೆ ಕಾವು ಸರಿಯಾಗಿದೆ. ಹನಿಯು ಕೂತಲ್ಲೇ ಗುಳ್ಳೆಯೇಳುತ್ತಿದ್ದರೆ ಕಾವು ಸಾಲದು. ಮುತ್ತಿನಂತೆ ಉರುಳಾಡಿದರೆ ಕಾವು ಅತಿಯಾಗಿದೆ. ಉರಿ ತಗ್ಗಿಸಿ ಕಾಯಬೇಕು.

ಒಣಹಿಟ್ಟು ಹತ್ತಿದ ಅಡಿಭಾಗವು ಮೇಲೆ ಬರುವಂತೆ ರೊಟ್ಟಿಯನ್ನು ಹಂಚಿಗೆ ಹಾಕಿ, ಕೂಡಲೇ ಒದ್ದೆಬಟ್ಟೆಯಿಂದ ಮೇಲ್ಭಾಗವನ್ನೆಲ್ಲ ತೆಳುವಾಗಿ ಸವರಬೇಕು. ಈ ನೀರು ಒಣಹಿಟ್ಟನ್ನು ತೊಳೆಯುವುದಲ್ಲದೆ, ಅಲ್ಲಿನ ಪಿಷ್ಟವನ್ನು ಬೇಯಿಸಿ ಒಂದು ಪೊರೆಯನ್ನು ನಿರ್ಮಿಸುತ್ತದೆ. ಮುಂದೆ ಒಳಗಿನ ಆವಿಯನ್ನು ಹಿಡಿದು ರೊಟ್ಟಿಯನ್ನು ಉಬ್ಬಿಸುವುದು ಈ ಪೊರೆಯೇ. ನೀರಿನ ಹೊಳಪು ಮಾಯವಾಗಿ, ತೇವವಿನ್ನೂ ಉಳಿದಿರುವಾಗ ಮಗುಚಬೇಕು. ಬೇಗ ಮಗುಚಿದರೆ ಹಂಚಿಗೆ ಅಂಟುತ್ತದೆ. ತಡವಾದರೆ ಮೇಲ್ಮೈ ಬಿರಿದು ಆವಿ ಹೊರಹೋಗುತ್ತದೆ. ಎರಡನೆಯ ಬದಿಯಲ್ಲಿ ಕಂದು ಚುಕ್ಕೆಗಳು ಮೂಡಿದ ಮೇಲೆ ಪುನಃ ಮಗುಚಿ, ಮಡಿಸಿದ ಬಟ್ಟೆಯಿಂದ ಅಂಚನ್ನು ಒತ್ತುತ್ತ ಬಂದರೆ ರೊಟ್ಟಿ ಉಬ್ಬುತ್ತದೆ. ಬೆಂದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟರೆ ಕೆಲವು ಗಂಟೆಗಳ ಕಾಲ ಮೃದುವಾಗಿರುತ್ತದೆ. ಸಣ್ಣ ಉರಿಯಲ್ಲಿ ತೇವ ಪೂರ್ಣವಾಗಿ ಆರುವವರೆಗೆ ಒಣಗಿಸಿದರೆ ಬಹುದಿನ ಬಾಳುವ ಖಡಕ್ ರೊಟ್ಟಿಯಾಗುತ್ತದೆ.

ಸಜ್ಜೆ ರೊಟ್ಟಿ

ಸಜ್ಜೆಗೂ ಇದೇ ಕ್ರಮ ಅನ್ವಯಿಸುತ್ತದೆ. ಸಜ್ಜೆಯಲ್ಲಿ ಜೋಳಕ್ಕಿಂತ ಜಿಡ್ಡಿನ ಅಂಶ ಹೆಚ್ಚಿರುವುದರಿಂದ ಬೀಸಿದ ಹಿಟ್ಟು ಬೇಗ ಕಹಿಯಾಗುತ್ತದೆ. ಒಂದು ವಾರಕ್ಕೆ ಬೇಕಾದಷ್ಟನ್ನು ಮಾತ್ರ ಬೀಸಿಸತಕ್ಕದ್ದು. ಕಹಿಯಾದ ಹಿಟ್ಟು ಎಸರಿನಿಂದ ಸರಿಯಾಗುವುದಿಲ್ಲ.

ಗೋಧಿಯನ್ನು ವರ್ಜಿಸಿರುವವರಿಗೆ ವಿಶೇಷ ಸೂಚನೆ

ಮನೆಯಲ್ಲಿ ಗೋಧಿ ಬೆರೆಸದಿದ್ದರೂ ಅದು ಮೂರು ಮಾರ್ಗಗಳಿಂದ ರೊಟ್ಟಿಯನ್ನು ಸೇರಬಹುದು. ಮೊದಲನೆಯದು ಹಿಟ್ಟಿನ ಗಿರಣಿ. ಗೋಧಿ ಬೀಸಿದ ಕಲ್ಲಿನಲ್ಲೇ ಜೋಳವನ್ನು ಬೀಸಿದರೆ ಹಿಂದಿನ ಹಿಟ್ಟಿನ ಶೇಷವು ಬೆರೆಯುತ್ತದೆ. ಮೊದಲು ಒಂದು ಸೇರು ಜೋಳ ಬೀಸಿ ತೆಗೆದರೂ ಶೇಷ ಪೂರ್ಣ ಹೋಗುತ್ತದೆಂಬ ಖಾತರಿಯಿಲ್ಲ. ಎರಡನೆಯದು ಚಪಾತಿಗೆ ಬಳಸುವ ಮಣೆ, ಪರಾತ ಮತ್ತು ಸವರುವ ಬಟ್ಟೆ. ಮೂರನೆಯದು ಹೊರಗಿನಿಂದ ತಂದ ರೊಟ್ಟಿ. ಆದುದರಿಂದ ಸೀಲಿಯಾಕ್ ಕಾಯಿಲೆಯುಳ್ಳವರ ಮನೆಯಲ್ಲಿ ಜೋಳವನ್ನು ಆರಿಸಿ ತೊಳೆದು ಒಣಗಿಸಿ ಪ್ರತ್ಯೇಕ ಯಂತ್ರದಲ್ಲಿ ಪುಡಿ ಮಾಡಿ ಜರಡಿ ಹಿಡಿಯುವುದು ಅಥವಾ ಗ್ಲುಟೆನ್ ರಹಿತವೆಂದು ಮುದ್ರಿಸಿರುವ ಮೊಹರಾದ ಪೊಟ್ಟಣವನ್ನು ಕೊಳ್ಳುವುದು, ಹಾಗೂ ಮಣೆ ಮತ್ತು ಬಟ್ಟೆಗಳನ್ನು ಬೇರೆ ಇಡುವುದು ಅವಶ್ಯಕ. ಹೊರಗೆ ರೊಟ್ಟಿ ಕೊಳ್ಳುವಾಗ "ಜೋಳದ ರೊಟ್ಟಿಯೇ?" ಎಂದು ಕೇಳಿದರೆ ಸಾಲದು, "ಹಿಟ್ಟಿಗಾಗಲಿ, ತಟ್ಟುವಾಗ ಉದುರಿಸಲಿಕ್ಕಾಗಲಿ ಗೋಧಿ ಅಥವಾ ಮೈದಾ ಬಳಸುತ್ತೀರಾ?" ಎಂದೇ ವಿಚಾರಿಸತಕ್ಕದ್ದು. ಸ್ಪಷ್ಟ ಉತ್ತರ ದೊರೆಯದಿದ್ದಲ್ಲಿ ಅಂತಹ ರೊಟ್ಟಿಯನ್ನು ರೋಗಿಗೆ ನೀಡಬಾರದು.